ಯುನಿಟ್‌ಗೆ ಹತ್ತು ರೂಪಾಯಿ ಎಂದರೆ ಸಸ್ತಾ ಅಲ್ಲ: ಮ್ಯೂಚುವಲ್ ಫಂಡ್ ಮತ್ತು ಎನ್.ಎ.ವಿ. ಲೆಕ್ಕ



ನೆಹರು ನಗರದ ಸಂಘದ ಸಭೆಯಲ್ಲಿ ಉಳಿತಾಯದ ದುಡ್ಡು ಎಣಿಸಿ ವಹಿಯಲ್ಲಿ ಬರೆದಾದ ಮೇಲೆ ಒಬ್ಬ ಸದಸ್ಯೆ ಕೇಳಿದರು: "ಸಿಸ್ಟರ್, ನನ್ನ ಮಗಾ ಹೇಳ್ತಾನ, ಹೊಸಾ ಮ್ಯೂಚುವಲ್ ಫಂಡ್ ಬಂದೈತಿ, ಒಂದ ಯುನಿಟ್‌ಗೆ ಹತ್ತ ರೂಪಾಯಿ ಅಷ್ಟ. ಹಳೇ ಫಂಡಿಂದು ನೂರಾ ಇಪ್ಪತ್ತೈದ ಐತಿ. ಸಸ್ತಾದ್ದ ತಗೊಳ್ಳೋದ ಚಲೋ ಅಲ್ಲೇನ್ರಿ?" ಖಾನಾಪುರದ ಕಡೆಯ ಸಂಘಗಳಲ್ಲೂ ಇದೇ ಪ್ರಶ್ನೆ ಬಂದಿದೆ. ಆದ್ದರಿಂದ ಈ ಸಲ ಇದನ್ನೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸಂಘದ್ದೇ ಒಂದು ಮಾತು. ಐದು ವರ್ಷ ನಡೆದ ಸಂಘಕ್ಕೆ ಹೊಸಬಳೊಬ್ಬಳು ಸೇರಬೇಕೆಂದರೆ ನೀವು ಏನು ಮಾಡುತ್ತೀರಿ? "ಹಿಂದಿನ ಉಳಿತಾಯ ತುಂಬಿ ಬಾರವ್ವಾ" ಅನ್ನುತ್ತೀರಿ. ಯಾಕೆಂದರೆ ಪೆಟ್ಟಿಗೆಯಲ್ಲಿ ನಿಮ್ಮ ಐದು ವರ್ಷದ ಉಳಿತಾಯವಿದೆ, ಒಳಸಾಲದ ಬಡ್ಡಿ ಇದೆ. ಅವಳು ಒಂದು ವಾರದ ಕಂತು ಕೊಟ್ಟು ಅದರಲ್ಲಿ ಸಮಪಾಲು ಕೇಳಿದರೆ ಹಳೆಯವರಿಗೆ ಅನ್ಯಾಯ. ಹಾಗೆಯೇ ಬಿಟ್ಟು ಹೋಗುವವಳು ತನ್ನ ಪಾಲಿಗಿಂತ ಹೆಚ್ಚು ಒಯ್ದರೆ ಉಳಿದವರಿಗೆ ಅನ್ಯಾಯ. ಮ್ಯೂಚುವಲ್ ಫಂಡ್‌ನಲ್ಲಿ ಈ ನ್ಯಾಯದ ಲೆಕ್ಕಕ್ಕೇ ಎನ್.ಎ.ವಿ. ಎಂದು ಹೆಸರು. ಕನ್ನಡದಲ್ಲಿ ನಿವ್ವಳ ಆಸ್ತಿ ಮೌಲ್ಯ.

ಒಂದು ಸಣ್ಣ ಫಂಡ್ ಇದೆ ಎಂದುಕೊಳ್ಳೋಣ. ಹತ್ತು ಜನ ತಲಾ 1,000 ರೂಪಾಯಿ ಹಾಕಿದರು. ಒಟ್ಟು 10,000 ಆಯಿತು. ಒಂದು ಯುನಿಟ್‌ಗೆ 10 ರೂಪಾಯಿಯಂತೆ ಒಬ್ಬೊಬ್ಬರಿಗೆ 100 ಯುನಿಟ್, ಎಲ್ಲ ಸೇರಿ 1,000 ಯುನಿಟ್. ಈ ಒಟ್ಟು ಹಣದಿಂದ ಫಂಡ್‌ನವರು ಹಲವು ಕಂಪನಿಗಳ ಷೇರು ಅಥವಾ ಸಾಲಪತ್ರ ಕೊಳ್ಳುತ್ತಾರೆ. ಒಬ್ಬೊಬ್ಬರೇ ಸಾವಿರ ರೂಪಾಯಿಯಲ್ಲಿ ಅಷ್ಟು ಬಗೆಯದು ಕೊಳ್ಳಲಿಕ್ಕೆ ಆಗುವುದಿಲ್ಲ, ಕೂಡಿದಾಗ ಆಗುತ್ತದೆ. ಇದು ಭಿಶಿ ಅಲ್ಲ, ಯಾರಿಗೂ ಪಾಳಿ ಬರುವುದಿಲ್ಲ. ಎಲ್ಲರೂ ಎಲ್ಲದರಲ್ಲೂ ತಮ್ಮ ತಮ್ಮ ಯುನಿಟ್‌ನಷ್ಟು ಪಾಲುದಾರರು.

ಕೆಲವು ತಿಂಗಳ ನಂತರ ಆ ಷೇರುಗಳ ಬೆಲೆ ಏರಿ ಒಟ್ಟು ಮೌಲ್ಯ 12,000 ಆಯಿತು. ನಡೆಸುವ ಖರ್ಚು 100 ಕಳೆದರೆ 11,900. ಇದನ್ನು 1,000 ಯುನಿಟ್‌ನಿಂದ ಭಾಗಿಸಿರಿ: 11 ರೂಪಾಯಿ 90 ಪೈಸೆ. ಇದೇ ಆ ದಿನದ ಎನ್.ಎ.ವಿ. ಹನ್ನೊಂದನೆಯವಳು 1,190 ರೂಪಾಯಿ ತಂದರೆ ಅವಳಿಗೆ ಸರಿಯಾಗಿ 100 ಯುನಿಟ್. ಹಳೆಯವರ ಪಾಲು ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಪಾಪ ಹೊಸಬಳು ಎಂದು ಅವಳಿಗೆ ಹಳೇ ದರ 10 ರೂಪಾಯಿಯಂತೆ ಕೊಟ್ಟಿದ್ದರೆ 119 ಯುನಿಟ್ ಆಗುತ್ತಿತ್ತು. ಆಗ ಒಟ್ಟು 13,090 ರೂಪಾಯಿ, 1,119 ಯುನಿಟ್. ಭಾಗಿಸಿದರೆ ಸುಮಾರು 11 ರೂಪಾಯಿ 70 ಪೈಸೆ. ಹಳೆಯವರ ಪ್ರತಿ ಯುನಿಟ್‌ನಿಂದ 20 ಪೈಸೆ ಅವಳ ಚೀಲಕ್ಕೆ ಹೋಯಿತು. ಯಾರೂ ಕದ್ದಿಲ್ಲ, ಆದರೂ ಹೋಯಿತು.

ಹೊರಗೆ ಹೋಗುವಾಗ ಇದಕ್ಕಿಂತ ಕೆಟ್ಟದ್ದಾಗಬಹುದು. ಅದೇ ಹತ್ತು ಜನರ ಫಂಡ್‌ನ ಮೌಲ್ಯ ಇಳಿದು 8,000 ಆಯಿತು ಎನ್ನಿ. ನಿಜವಾದ ಎನ್.ಎ.ವಿ. 8 ರೂಪಾಯಿ. ಆದರೆ ಫಂಡ್‌ನವರು ಹೆಸರು ಕೆಡಬಾರದೆಂದು "10 ರೂಪಾಯಿಯಂತೆ ವಾಪಸ್ ಕೊಡುತ್ತೇವೆ" ಎಂದರು. ಒಳಗಿನ ಸುದ್ದಿ ಗೊತ್ತಿದ್ದ ಮೂವರು ಓಡಿ ಬಂದು ತಮ್ಮ 300 ಯುನಿಟ್‌ಗೆ 3,000 ಒಯ್ದರು. ಉಳಿದದ್ದು 5,000 ರೂಪಾಯಿ, 700 ಯುನಿಟ್. ಈಗ ಒಂದಕ್ಕೆ ಸುಮಾರು 7 ರೂಪಾಯಿ 14 ಪೈಸೆ. ಸುದ್ದಿ ಗೊತ್ತಿಲ್ಲದ ಏಳು ಜನ ತಮ್ಮ ನಷ್ಟದ ಜೊತೆಗೆ ಆ ಮೂವರ ನಷ್ಟವನ್ನೂ ಹೊತ್ತರು.

ಇದು ಬರೀ ಕಥೆಯಲ್ಲ. ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಆಗಿಹೋಗಿದೆ. ನಿಮ್ಮಲ್ಲಿ ಹಿರಿಯರಿಗೆ ಯುನಿಟ್ ಟ್ರಸ್ಟ್ ನೆನಪಿರಬಹುದು. 1964ರಲ್ಲಿ ಅದು ಯು.ಎಸ್.-64 ಎಂಬ ಯೋಜನೆ ಶುರು ಮಾಡಿತು. ಆಗ ದೇಶದಲ್ಲಿ ಬೇರೆ ಮ್ಯೂಚುವಲ್ ಫಂಡ್ ಇರಲಿಲ್ಲ. 1987ರಲ್ಲಷ್ಟೇ ಸ್ಟೇಟ್ ಬ್ಯಾಂಕ್, ನಂತರ ನಮ್ಮ ಕೆನರಾ ಬ್ಯಾಂಕ್ ತಮ್ಮ ಫಂಡ್ ತೆರೆದವು. ಯು.ಎಸ್.-64ರಲ್ಲಿ ನಿವೃತ್ತ ಮಾಸ್ತರರು, ಗುಮಾಸ್ತರು, ವಿಧವೆಯರು ಸರಕಾರದ್ದೇ ಎಂದು ನಂಬಿ ಹಣ ಇಟ್ಟಿದ್ದರು. ಆದರೆ ಅದರ ಯುನಿಟ್ ಮಾರುವ, ಕೊಳ್ಳುವ ದರ ಎನ್.ಎ.ವಿ.ಗೆ ಕಟ್ಟಿದ್ದಾಗಿರಲಿಲ್ಲ. ಸಂಸ್ಥೆಯೇ ದರ ಘೋಷಿಸುತ್ತಿತ್ತು. ಒಳಗೆ ಷೇರುಗಳ ಬೆಲೆ ಬಿದ್ದರೂ ಹೊರಗಿನ ದರ ಗಟ್ಟಿಯಾಗಿ ನಿಂತಂತೆ ಕಾಣುತ್ತಿತ್ತು. 2001ರ ಏಪ್ರಿಲ್, ಮೇ ತಿಂಗಳಲ್ಲಿ ದೊಡ್ಡ ಕಂಪನಿಗಳು ಸಾವಿರಾರು ಕೋಟಿ ರೂಪಾಯಿ ಹೊರಗೆ ತೆಗೆದವು. ಜುಲೈ ತಿಂಗಳಲ್ಲಿ ಯುನಿಟ್ ಮಾರುವುದು, ವಾಪಸ್ ಕೊಳ್ಳುವುದು ಎರಡನ್ನೂ ಆರು ತಿಂಗಳು ನಿಲ್ಲಿಸಿದರು. ಆ ವರ್ಷದ ಡಿಸೆಂಬರ್ ಕೊನೆಗೆ ನಿಜವಾದ ಎನ್.ಎ.ವಿ. ಹೊರಬಿದ್ದಾಗ 10 ರೂಪಾಯಿ ಮುಖಬೆಲೆಯ ಯುನಿಟ್ 5 ರೂಪಾಯಿ 81 ಪೈಸೆ ಆಗಿತ್ತು. ಕೊನೆಗೆ ಕೇಂದ್ರ ಸರಕಾರ ಮಧ್ಯೆ ಬಂದು ಸಣ್ಣ ಉಳಿತಾಯದವರಿಗೆ ಹಣ ತುಂಬಿಕೊಡಬೇಕಾಯಿತು. ಅಂದರೆ ಜನರ ತೆರಿಗೆ ಹಣದಿಂದಲೇ.

ಈಗ ಹಾಗೆ ದರ ಘೋಷಿಸಲಿಕ್ಕೆ ಬರುವುದಿಲ್ಲ. ಪೇಟೆ ನಡೆದ ಪ್ರತಿ ದಿನದ ಎನ್.ಎ.ವಿ.ಯನ್ನು ಫಂಡ್‌ನವರು ಪ್ರಕಟಿಸಲೇಬೇಕು. ಷೇರಿನ ಫಂಡ್ ಆದರೆ ಮಧ್ಯಾಹ್ನ 3 ಗಂಟೆಯ ಒಳಗೆ ನಿಮ್ಮ ಅರ್ಜಿಯೂ ಹಣವೂ ತಲುಪಿದರೆ ಅದೇ ದಿನದ ಎನ್.ಎ.ವಿ., ತಡವಾದರೆ ಮುಂದಿನ ದಿನದ್ದು. ಆ ದಿನದ ಲೆಕ್ಕ ಆಗುವುದು ಷೇರುಪೇಟೆ ಮುಚ್ಚಿದ ಮೇಲೆ. ಹಣ ಹಾಕುವಾಗ ದರ ನಿಮಗೂ ಗೊತ್ತಿರುವುದಿಲ್ಲ, ಸಾಹುಕಾರನಿಗೂ ಗೊತ್ತಿರುವುದಿಲ್ಲ. ಕೆಲವರಿಗೆ ಇದು ತೊಂದರೆ ಅನಿಸುತ್ತದೆ. ನನಗೆ ಇದೇ ಈ ವ್ಯವಸ್ಥೆಯ ಒಳ್ಳೆಯ ಗುಣ ಅನಿಸುತ್ತದೆ.

ಆದರೆ ಒಂದು ತಪ್ಪು ತಿಳಿಯಬೇಡಿರಿ. ಎನ್.ಎ.ವಿ. ಪಾಲನ್ನು ನ್ಯಾಯವಾಗಿ ಹಂಚುತ್ತದೆ, ಪಾಲು ಕರಗದಂತೆ ಕಾಯುವುದಿಲ್ಲ. ಷೇರು ಬಿದ್ದರೆ ಅದೂ ಬೀಳುತ್ತದೆ. ಆದ್ದರಿಂದ ಸಂಘದ ಒಳಸಾಲಕ್ಕೆ ಬೇಕಾಗುವ ಹಣ, ಬರುವ ಜೂನ್‌ನಲ್ಲಿ ಕಟ್ಟಬೇಕಾದ ಶಾಲೆ ಫೀ, ಇವನ್ನು ಷೇರಿನ ಫಂಡ್‌ಗೆ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಆ ಸದಸ್ಯೆಯ ಪ್ರಶ್ನೆ. ಸಭೆಯಲ್ಲೇ ಲೆಕ್ಕ ಹಾಕಿದೆವು. 5,000 ರೂಪಾಯಿಗೆ ಹೊಸ ಫಂಡ್‌ನಲ್ಲಿ 10 ರೂಪಾಯಿಯಂತೆ 500 ಯುನಿಟ್, ಹಳೇದರಲ್ಲಿ 125ರಂತೆ 40 ಯುನಿಟ್. ಎರಡೂ ನೂರಕ್ಕೆ ಹತ್ತು ಏರಿದವು ಎನ್ನಿ. ಹೊಸದು 11 ರೂಪಾಯಿ, 500 ಯುನಿಟ್‌ಗೆ 5,500. ಹಳೇದು 137 ರೂಪಾಯಿ 50 ಪೈಸೆ, 40 ಯುನಿಟ್‌ಗೆ ಅದೂ 5,500. "ಅಂದ್ರ ಎರಡೂ ಒಂದ ಆತಲ್ರಿ!" ಎಂದರು ಅವರು. ಹೌದು. 10 ಎಂಬುದು ಸಸ್ತಾ ಅಲ್ಲ, ಈಗಷ್ಟೇ ಶುರುವಾಗಿದೆ ಎಂಬ ಗುರುತು ಮಾತ್ರ. ಹಳೇದಕ್ಕಾದರೆ ಪೇಟೆ ಬಿದ್ದ ವರ್ಷಗಳಲ್ಲಿ ಅದು ಎಷ್ಟು ಬಿದ್ದಿತ್ತು ಎಂದು ಹಿಂದೆ ತಿರುಗಿ ನೋಡಬಹುದು, ಹೊಸದಕ್ಕೆ ಆ ದಾಖಲೆಯೇ ಇಲ್ಲ. "ಹತ್ತೇ ರೂಪಾಯಿ" ಎಂದು ಒತ್ತಿ ಹೇಳುವ ಏಜೆಂಟರಿಗೆ ಈ ಲೆಕ್ಕ ತೋರಿಸಿರಿ.

ಯಾರಾದರೂ ಈಗಾಗಲೇ ಹಣ ಹಾಕಿದ್ದರೆ ಸ್ಟೇಟ್‌ಮೆಂಟ್ ಕಾಗದ ತೆಗೆದು ನೋಡಿರಿ. 40 ರೂಪಾಯಿ ಎನ್.ಎ.ವಿ. ಇದ್ದ ದಿನ 5,000 ಹಾಕಿದ್ದರೆ 125 ಯುನಿಟ್ ಬದಲು 124.994 ಎಂದಿರುತ್ತದೆ. ಗಾಬರಿ ಬೇಡ, 25 ಪೈಸೆ ಸ್ಟ್ಯಾಂಪ್ ಶುಲ್ಕ ಕಡಿದಿದ್ದಾರೆ, 2020ರಿಂದ ಇದು ಜಾರಿಯಲ್ಲಿದೆ. ನಡೆಸುವ ಖರ್ಚಿಗೆ ಬೇರೆ ಬಿಲ್ ಬರುವುದಿಲ್ಲ, ದಿನದಿನವೂ ಕಳೆದ ಮೇಲೆಯೇ ಎನ್.ಎ.ವಿ. ಹೇಳುತ್ತಾರೆ. ಫಂಡ್‌ನ ಪೂರ್ತಿ ಹೆಸರು ನೋಡಿಕೊಂಡು ಮಕ್ಕಳ ಮೊಬೈಲ್‌ನಲ್ಲಿ www.amfiindia.com ತೆರೆಸಿ ಇವತ್ತಿನ ಎನ್.ಎ.ವಿ. ಬರೆದುಕೊಳ್ಳಿರಿ, ನಿಮ್ಮ ಯುನಿಟ್‌ನಿಂದ ಗುಣಿಸಿರಿ. ಏಜೆಂಟ್ ಹೇಳಿದ ಮೊತ್ತಕ್ಕೂ ನಿಮ್ಮ ಗುಣಾಕಾರಕ್ಕೂ ತಾಳೆ ಬೀಳದಿದ್ದರೆ ಆ ಕಾಗದವನ್ನು ಮುಂದಿನ ಸಭೆಗೆ ತನ್ನಿರಿ, ಕೂಡಿ ನೋಡೋಣ.