ಓರೆ ಹೊಲಕ್ಕೆ ಸಮಪಾಲಿನ ಗೆರೆ

ಹೊಲವನ್ನು ಎರಡು ಸಮಪಾಲು ಮಾಡುವಾಗ ಮೊದಲು ಗೊತ್ತಾಗಬೇಕಾದದ್ದು ಗೆರೆಯ ದಿಕ್ಕು. ದಿಕ್ಕು ನಿಗದಿಯಾದರೆ, ಗೆರೆಯನ್ನು ಅದೇ ದಿಕ್ಕಿನಲ್ಲಿ ಒಂದು ಅಂಚಿನಿಂದ ಸರಿಸುತ್ತ ಹೋದಂತೆ ಹಿಂದೆ ಉಳಿಯುವ ವಿಸ್ತೀರ್ಣ ಸತತವಾಗಿ ಹೆಚ್ಚುತ್ತದೆ. ಹಾಗಾಗಿ ಅದು ಸರಿಯಾಗಿ ಅರ್ಧವಾಗುವ ಜಾಗ ಒಂದೇ ಇರುತ್ತದೆ.

ರಸ್ತೆಯ ಬದಿಯಲ್ಲಿ 70 ಮೀಟರ್, ಅದಕ್ಕೆ ಸಮಾಂತರವಾದ ಹಿಂಬದಿಯಲ್ಲಿ 170 ಮೀಟರ್ ಅಗಲ, 100 ಮೀಟರ್ ಆಳ ಇರುವ ಹೊಲವನ್ನು ತೆಗೆದುಕೊಳ್ಳಬಹುದು. ಇದರ ವಿಸ್ತೀರ್ಣ 12,000 ಚದರ ಮೀಟರ್. ರಸ್ತೆಗೆ ಸಮಾಂತರವಾಗಿ 50 ಮೀಟರ್ ಆಳದಲ್ಲಿ ಗೆರೆ ಎಳೆದರೆ ಮುಂದಿನ ಪಾಲಿಗೆ 4,750, ಹಿಂದಿನದಕ್ಕೆ 7,250 ಚದರ ಮೀಟರ್ ಬಂದು ಲೆಕ್ಕ ತಪ್ಪುತ್ತದೆ.

ಸರಿಯಾದ ಗೆರೆಯ ಉದ್ದ ತಿಳಿಯಲು ಎರಡು ಅಗಲಗಳ ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ ಕಂಡುಹಿಡಿಯಬೇಕು. 4,900 ಮತ್ತು 28,900ರ ಸರಾಸರಿ 16,900, ವರ್ಗಮೂಲ 130. ಇಲ್ಲಿ ಪ್ರತಿ ಮೀಟರ್ ಆಳಕ್ಕೆ ಅಗಲ ಒಂದು ಮೀಟರ್ ಹೆಚ್ಚುವುದರಿಂದ, 130 ಮೀಟರ್ ಅಗಲ ಸಿಗುವುದು ರಸ್ತೆಯಿಂದ 60 ಮೀಟರ್ ಆಳದಲ್ಲಿ. ಆಗ ಎರಡೂ ಪಾಲು 6,000 ಚದರ ಮೀಟರ್, ಅಂದರೆ ಸುಮಾರು 1 ಎಕರೆ 19 ಗುಂಟೆ.

ಈ 60 ಮೀಟರನ್ನು ರಸ್ತೆಗೆ ಲಂಬವಾಗಿಯೇ ಅಳೆಯಬೇಕು. ಓರೆ ಬದುವಿನ ಗುಂಟ ಅಳೆದರೆ ಗೆರೆ ರಸ್ತೆಯ ಕಡೆಗೆ ಸರಿದುಬಿಡುತ್ತದೆ. ಕಲ್ಲು ನೆಟ್ಟ ಮೇಲೆ ಗೆರೆಯ ಉದ್ದ 130 ಮೀಟರ್ ಇಲ್ಲದಿದ್ದರೆ ಅಳತೆ ತಪ್ಪಿದೆ ಎಂದರ್ಥ.

ಬದು ಅಂಕುಡೊಂಕಾಗಿದ್ದರೆ ಪ್ರತಿ ಮೂಲೆಯ ಮೂಲಕ ಅದೇ ದಿಕ್ಕಿನ ಗೆರೆ ಎಳೆದು, ಪಟ್ಟಿಗಳ ವಿಸ್ತೀರ್ಣ ಕೂಡುತ್ತ ಹೋಗಬೇಕು. ಅರ್ಧ ದಾಟುವ ಪಟ್ಟಿಯೊಳಗೆ ಮಾತ್ರ ಕೊನೆಯ ಲೆಕ್ಕ ಮಾಡಿದರೆ ಸಾಕು.

ವಿಸ್ತೀರ್ಣ ಸಮವಾದರೂ ಇಲ್ಲಿ ಹಿಂದಿನ ಪಾಲಿಗೆ ರಸ್ತೆ ಸಿಗುವುದಿಲ್ಲ. ಗೆರೆಯನ್ನು ರಸ್ತೆಗೆ ಅಡ್ಡವಾಗಿ ಎಳೆದು ಇಬ್ಬರಿಗೂ ಮುಂಭಾಗ ಕೊಡಬಹುದು. ಇಲ್ಲವೇ ದಾರಿಯ ಜಾಗವನ್ನು ಮೊದಲೇ ಕಳೆದು ಉಳಿದದ್ದನ್ನು ಹಂಚಬೇಕು.