ನಿದ್ದೆಗಣ್ಣಿನ ಹಾಲು

ಅಮ್ಮತ್ತಿಯ ನಮ್ಮ ಮನೆಯ ಮೂರು ತಿಂಗಳ ಕೂಸು ರಾತ್ರಿ 8ಕ್ಕೆ ಮಲಗಿದರೆ 1ಕ್ಕೆ ಏಳುತ್ತಿತ್ತು. ನಾವು ಮಲಗುವುದೋ 11ಕ್ಕೆ. “ನೀವು ಮಲಗುವ ಮುನ್ನ ಒಮ್ಮೆ ಕುಡಿಸಿಬಿಡಮ್ಮಾ” ಎಂದರು ನನ್ನ ತಾಯಿ, ಸೊಸೆಗೆ.

ದೀಪ ಹಚ್ಚದೆ, ಮಾತನಾಡದೆ, 10.30ಕ್ಕೆ ಕೂಸನ್ನೆತ್ತಿ, ತಲೆಯನ್ನು ತುಸು ಮೇಲಿಟ್ಟು, ಕೆಳದುಟಿಗೆ ಮೊಲೆತೊಟ್ಟನ್ನು ಸೋಕಿಸಿದರೆ ನಿದ್ದೆಯಲ್ಲಿಯೇ ಚೀಪುತ್ತಿತ್ತು. ತೇಗು ಬರಿಸಿ ಅಂಗಾತ ಮಲಗಿಸುತ್ತಿದ್ದೆವು.

ಆರು ರಾತ್ರಿಗಳ ಲೆಕ್ಕ ಬರೆದಿಟ್ಟೆ. ನಾಲ್ಕು ರಾತ್ರಿ ಕೂಸು ಎದ್ದದ್ದು 3ಕ್ಕೆ. ಉಳಿದೆರಡು ರಾತ್ರಿ ಗುಟುಕಿನ ಸದ್ದೇ ಕೇಳಿಸಲಿಲ್ಲ. ಬರಿದೇ ಚೀಪಿದ ಕೂಸು ಎಂದಿನಂತೆ 1ಕ್ಕೆ ಎದ್ದಿತು. ಆದರೆ 10.30ರಿಂದ 3ರವರೆಗೆ ನಾಲ್ಕೂವರೆ ಗಂಟೆ, ಮೊದಲಿನದು ಐದು! ಹಾಲಿನಿಂದ ಹಾಲಿಗೆ ಇದ್ದ ಅವಧಿ ಬೆಳೆಯಲಿಲ್ಲ, ನಮ್ಮ ನಿದ್ದೆಯ ಹೊತ್ತಿಗೆ ಸರಿಯಿತು, ಅಷ್ಟೆ.

1993ರಲ್ಲಿ ಅಮೆರಿಕದ ಪಿನಿಲ್ಲಾ, ಬರ್ಚ್ ಎಂಬಿಬ್ಬರು 26 ಕೂಸುಗಳನ್ನು ಪರೀಕ್ಷಿಸಿದರು. ಎಂಟನೆಯ ವಾರಕ್ಕೆ, 10ರಿಂದ 12ರೊಳಗೆ ಹಾಲು ಪಡೆದ ಕೂಸುಗಳೆಲ್ಲವೂ 12ರಿಂದ 5ರವರೆಗೆ ಮಲಗಿದವು. ಉಳಿದವುಗಳಲ್ಲಿ ನೂರಕ್ಕೆ 23 ಮಾತ್ರ. ಆದರೆ ಅವರು ಹಗಲಿರುಳಿನ ಭೇದವನ್ನೂ ಕಲಿಸಿದರು, ನಡುರಾತ್ರಿಯ ಹಾಲನ್ನು ಮೆಲ್ಲಮೆಲ್ಲನೆ ಮುಂದೂಡಿದರು. ಗೆಲುವು ಆ ಒಂದು ಹಾಲಿನದೇ ಎನ್ನಲಾಗದು.

ಒಂದು ವಾರ ನೀವೂ ಬರೆದಿಟ್ಟು ನೋಡಿ. ಕೂಸು ಪೂರ್ತಿ ಎಚ್ಚೆತ್ತು ಅಳುವುದಾದರೆ ಬಿಟ್ಟುಬಿಡಿ. ಹಸಿದು ಏಳುವ ಕೂಸಿಗೆ ಇದು ನೆರವಾದೀತು. ಬೇರೆ ಕಾರಣಕ್ಕೆ ಏಳುವ ಕೂಸಿಗೆ ಆಗದು.