ಇಳಕಲ್ ಮಗ್ಗದ ಮನೆಯ ಸಾಕ್ಷ್ಯಚಿತ್ರ: ಚಿತ್ರೀಕರಣಕ್ಕೆ ಮೊದಲಿನ ಕೆಲಸ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಆದ್ದರಿಂದ ಇಲ್ಲಿ ಹತ್ತಾರು ಸೀರೆಗೆ ಆಗುವಷ್ಟು ಉದ್ದನೆಯ ಹಾಸನ್ನು ಒಮ್ಮೆಲೇ ಮಗ್ಗಕ್ಕೆ ಏರಿಸಿಕೊಂಡು ನೇಯುವುದಿಲ್ಲ. ಪ್ರತಿ ಸೀರೆಗೂ ಅದರದೇ ಅಳತೆಯ ಹಾಸು ಹೊಸದಾಗಿ ಸಿದ್ಧವಾಗಬೇಕು. ಇಂಥ ಒಂದು ಮನೆಯ ಮೇಲೆ ಸಾಕ್ಷ್ಯಚಿತ್ರ ಮಾಡಹೊರಟವರ ಇಡೀ ಯೋಜನೆ ಈ ಒಂದು ಸಂಗತಿಯ ಮೇಲೆ ನಿಂತಿದೆ. ಲಾಳಿ ಓಡುವ ದೃಶ್ಯ ದಿನವೂ ಸಿಗುತ್ತದೆ. ಕೊಂಡಿ ಹಾಕುವ ಕೆಲಸ ಸೀರೆಗೊಮ್ಮೆ ಮಾತ್ರ ನಡೆಯುತ್ತದೆ. ಯಾವ ದಿನ, ಯಾರ ಕೈಯಲ್ಲಿ ಅದು ನಡೆಯುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳದ ತಂಡ ಅದಿಲ್ಲದೆಯೇ ಊರಿಗೆ ಮರಳುತ್ತದೆ.

ಉದಾಹರಣೆಗೆ ನಾಲ್ಕು ಕುಣಿಮಗ್ಗಗಳ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ತಂದೆ, ತಾಯಿ, ಹಿರಿಯ ಮಗ, ಸೊಸೆ ದುಡಿಯುತ್ತಾರೆ. ಕಿರಿಯ ಮಗ ಕೆಲಸ ಬಿಟ್ಟಿದ್ದಾನೆ. ನಾಲ್ಕನೆಯ ಮಗ್ಗದ ಮೇಲೆ ಹಾಸಿಗೆಯ ಗಂಟು ಕೂತಿದೆ. ನೂಲು ಸಾಹುಕಾರರದು, ಮನೆಯವರಿಗೆ ಸೀರೆಗಿಷ್ಟು ಎಂದು ಮಜೂರಿ. ಚಿತ್ರ ಸುಮಾರು ಇಪ್ಪತ್ತು ನಿಮಿಷದ್ದು.

ಮೊದಲ ಭೇಟಿಗೆ ಕ್ಯಾಮೆರಾ ಬೇಡ, ನೋಟ್‌ಬುಕ್ ಸಾಕು. ಯಾವ ಮಗ್ಗದಲ್ಲಿ ಯಾವ ಬಣ್ಣದ ಸೀರೆ ಇದೆ, ಬೆಳಕು ಯಾವ ಕಿಟಕಿಯಿಂದ ಎಷ್ಟು ಹೊತ್ತಿಗೆ ಬರುತ್ತದೆ, ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗ ಇದೆಯೇ ಎಂಬುದನ್ನು ಬರೆದುಕೊಳ್ಳಬೇಕು. ಕೊನೆಯದು ಧ್ವನಿಯ ಪ್ರಶ್ನೆ: ಗೋಡೆಯಾಚೆ ವಿದ್ಯುತ್ ಮಗ್ಗ ಓಡುತ್ತಿದ್ದರೆ ಆ ಕೋಣೆಯಲ್ಲಿ ಸಂದರ್ಶನ ಸಾಧ್ಯವಿಲ್ಲ. ಇದೇ ಭೇಟಿಯಲ್ಲಿ ದುಡ್ಡಿನ ಮಾತೂ ಮುಗಿಯಬೇಕು. ಮಜೂರಿಯ ಮನೆಯಲ್ಲಿ ಎರಡು ತಾಸು ಮಗ್ಗ ನಿಂತರೆ ಆ ಸೀರೆಯ ಕೂಲಿ ಅಷ್ಟು ತಡವಾಗಿ ಕೈಸೇರುತ್ತದೆ. ಆ ನಷ್ಟ ತುಂಬಿಕೊಡುವುದಾಗಿ ಮುಂಚೆಯೇ ಹೇಳುವುದು ಉಪಕಾರವಲ್ಲ, ಲೆಕ್ಕ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಮನೆಯವರೆಲ್ಲರ ಎದುರು ಓದಿ ಹೇಳಬೇಕು.

ಕಥೆಗೆ ಎರಡು ಎಳೆ ಸಾಕು. ಒಂದು, ಒಂದೇ ಸೀರೆಯ ಪಯಣ: ಸಾಹುಕಾರರ ಅಂಗಡಿಯಿಂದ ನೂಲು ಮನೆಗೆ ಬಂದದ್ದರಿಂದ ಹಿಡಿದು, ಮಡಿಸಿದ ಸೀರೆ ಅದೇ ಅಂಗಡಿಗೆ ಮರಳುವ ತನಕ. ಇದಕ್ಕೆ ಆದಿ, ಅಂತ್ಯ ತಾನಾಗಿಯೇ ಇದೆ. ಇನ್ನೊಂದು ಮನೆಯ ಪ್ರಶ್ನೆ: ನಾಲ್ಕನೆಯ ಮಗ್ಗಕ್ಕೆ ಯಾರು ಕೂರುತ್ತಾರೆ? ಮೊದಲ ಐದಾರು ನಿಮಿಷ ಮಗ್ಗದ ಮೇಲಿರುವ ಗಂಡಸರನ್ನೇ ನೋಡುವ ಪ್ರೇಕ್ಷಕ ನೇಕಾರಿಕೆ ಎಂದರೆ ಇಷ್ಟೇ ಎಂದುಕೊಳ್ಳುತ್ತಾನೆ. ನಡುವಿನ ಭಾಗ ಆ ಎಣಿಕೆಯನ್ನು ಮುರಿಯಬೇಕು. ರಾಟಿಯಲ್ಲಿ ಕಂಡಿಕೆ ಸುತ್ತುವುದು, ಹಾಸು ಸಿದ್ಧಪಡಿಸುವುದು ಮೊದಲಾದ ಪೂರ್ವಸಿದ್ಧತೆ ಬಹುಪಾಲು ಹೆಂಗಸರದು. ತಾಯಿಯ ಕೈ ಕೊಂಡಿ ಹಾಕುವ ಹೊತ್ತಿಗೆ ಚಿತ್ರದ ಕೇಂದ್ರ ಅವರ ಕಡೆಗೆ ಸರಿಯುತ್ತದೆ. ಈ ದೃಶ್ಯಕ್ಕೆ ಪೂರ್ತಿ ಎರಡು ನಿಮಿಷ ಮೀಸಲಿಡಬಹುದು, ಹಿನ್ನೆಲೆ ಮಾತು ಬೇಕಿಲ್ಲ. ಕೊನೆಯ ಭಾಗ ಅಂಗಡಿಯದು. ಅಲ್ಲಿ ಸೀರೆ ಬಿಚ್ಚಿ ನೋಡುತ್ತಾರೆ, ತಪ್ಪು ಹುಡುಕುತ್ತಾರೆ, ಮಜೂರಿ ಬರೆಯುತ್ತಾರೆ. ಅಂತ್ಯವನ್ನು ಮೊದಲೇ ಬರೆದಿಟ್ಟುಕೊಳ್ಳಬಾರದು. ಕಿರಿಯ ಮಗ ಮರಳಿ ಮಗ್ಗಕ್ಕೆ ಕೂತರೆ ಹೇಗೆ, ಕೂರದಿದ್ದರೆ ಹೇಗೆ ಎಂದು ಎರಡು ದಾರಿಗಳನ್ನು ಗುರುತಿಸಿಕೊಂಡರಾಯಿತು. ಚಿತ್ರಕ್ಕಾಗಿ ಅವನನ್ನು ಒಂದು ದಿನ ಕುಣಿಯಲ್ಲಿ ಕೂರಿಸುವುದು ಸುಳ್ಳು.

ಸಂದರ್ಶನದಲ್ಲಿ ಕೇಳುವವರ ಧ್ವನಿ ಸಂಕಲನದಲ್ಲಿ ಹೋಗುತ್ತದೆ. ಉತ್ತರ ಒಂದೇ ನಿಲ್ಲಬೇಕು. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಹಾಗಾಗಿ ವ್ಯರ್ಥ. ‘ಈ ಕೆಲಸ ಕಷ್ಟವೇ?’ ಎಂದರೆ ‘ಹೌದ್ರೀ’ ಎಂಬಲ್ಲಿಗೆ ಮಾತು ಮುಗಿಯಿತು. ತಾಯಿಗೆ ಕೇಳಬೇಕಾದದ್ದು ಹೀಗೆ: ‘ಅವ್ವಾರ, ಮುಂಜಾನೆ ಎದ್ದಮ್ಯಾಲೆ ಮಗ್ಗದ ಕೆಲಸ ಎಲ್ಲಿಂದ ಶುರು ಮಾಡ್ತೀರಿ? ಕೊಂಡಿ ಹಾಕೋದು ನಿಮಗೆ ಕಲಿಸಿದವರು ಯಾರು? ಒಂದು ಎಳಿ ತಪ್ಪಿದ್ರ ಎಲ್ಲಿ ಗೊತ್ತಾಗ್ತದ?’ ಕೊನೆಯ ಪ್ರಶ್ನೆಗೆ ಅವರು ಮಾತಿಗಿಂತ ಮೊದಲು ಕೈ ಚಾಚಿ ತೋರಿಸುತ್ತಾರೆ; ಅದಕ್ಕೇ ಸಂದರ್ಶನ ಹಾಸಿನ ಹತ್ತಿರವೇ ನಡೆಯಬೇಕು. ತಂದೆಗೆ: ‘ಈ ಮಗ್ಗದಾಗ ಮೊದಲ ಸೀರಿ ಇಳಿಸಿದ್ದು ನೆನಪೈತೇನ್ರೀ, ಅದು ಹ್ಯಾಂಗಿತ್ತು? ಮಜೂರಿ ಬಂದ ದಿನ ಮೊದಲ ಯಾರಿಗೆ ಕೊಡಬೇಕಾಗ್ತದ?’ ಹಣದ ಪ್ರಶ್ನೆ ಕೊನೆಯಲ್ಲಿ ಬರಲಿ, ಪರಿಚಯ ಬೆಳೆದ ಮೇಲೆ. ಕಿರಿಯ ಮಗನನ್ನು ‘ಯಾಕೆ ಬಿಟ್ಟೆ?’ ಎಂದು ಕೇಳಿದರೆ ಅವನು ತಪ್ಪೊಪ್ಪಿಕೊಳ್ಳುವವನಂತೆ ಕುಗ್ಗುತ್ತಾನೆ. ‘ಮಗ್ಗ ಬಿಟ್ಟ ದಿನ ಏನೇನಾತು, ಹೇಳ್ತೀಯೇನಪ್ಪಾ?’ ಎಂದರೆ ಅವನದೇ ಕಥೆ ಹೊರಬರುತ್ತದೆ. ಅವನ ಸಂದರ್ಶನ ತಂದೆಯ ಕಿವಿಗೆ ಬೀಳದ ಕಡೆ ನಡೆಯಬೇಕು.

ಒಂದು ಎಚ್ಚರ. ಮಜೂರಿಯ ಮೊತ್ತ, ಸಾಲದ ಬಾಕಿ ಕ್ಯಾಮೆರಾ ಎದುರು ಬಂದರೆ ಸಾಹುಕಾರರಿಗೆ ಸಿಟ್ಟು ಬರಬಹುದು, ಮುಂದಿನ ನೂಲು ನಿಲ್ಲಬಹುದು. ಅಂಥ ಮಾತನ್ನು ಇಟ್ಟುಕೊಳ್ಳಬೇಕೇ ಎಂಬುದನ್ನು ಸಂಕಲನದ ಮೊದಲ ಪ್ರತಿ ತೋರಿಸಿ ಮನೆಯವರನ್ನೇ ಕೇಳಬೇಕು.

ಸಂದರ್ಶನದ ಮಾತಿನ ಮೇಲೆ ಹಾಕುವ ಪೂರಕ ದೃಶ್ಯಗಳನ್ನು ಚಿತ್ರತಂಡಗಳು ಬಿ-ರೋಲ್ ಎನ್ನುತ್ತವೆ. ಇದರ ಪಟ್ಟಿಯನ್ನು ಉತ್ತರಗಳಿಂದ ಹುಟ್ಟಿಸಬೇಕು. ತಾಯಿ ಎಳೆ ತಪ್ಪುವ ಮಾತಾಡಿದರೆ ಬೇಕಾದದ್ದು ಅವರ ಬೆರಳು, ಕಡಿದ ಎಳೆ, ಮತ್ತೆ ಹಾಕಿದ ಗಂಟು, ಜೊತೆಗೆ ಆ ಹೊತ್ತಿನ ಅವರ ಮುಖ. ಮಗ್ಗದ ಹತ್ತಿರ ಕುಣಿಯೊಳಗಿನ ಪಾದ, ಹಣಿಗೆ ಬಂದು ಬಡಿಯುವ ಜಾಗ, ಅಂಚಿನ ಬಣ್ಣ ಒಡಲಿಗೆ ಬೆರೆಯದಂತೆ ಬೇರೆ ಬೇರೆ ಲಾಳಿ ಬದಲಾಗುವ ಕ್ರಮ, ಸೆರಗಿನ ಕೆಂಪಿನಲ್ಲಿ ಬಿಳಿ ತೋಪುತೆನಿಯ ಹಲ್ಲುಗಳು ಒಂದೊಂದಾಗಿ ಏಳುವುದು ಇರಲಿ. ನಾಲ್ಕನೆಯ ಮಗ್ಗವನ್ನು ಬೆಳಿಗ್ಗೆಯೂ ಸಂಜೆಯೂ ಒಂದೇ ಜಾಗದಿಂದ ತೆಗೆದಿಟ್ಟರೆ ಕಾಲ ಸರಿದದ್ದು ತಿಳಿಯುತ್ತದೆ. ಕಸೂತಿಯ ದೃಶ್ಯ ಚೆಂದ ಎಂದು ತುರುಕುವುದು ಸಾಮಾನ್ಯ ತಪ್ಪು. ಕಸೂತಿ ನೇಯ್ದ ಬಟ್ಟೆಯ ಮೇಲಿನ ಸೂಜಿ ಕೆಲಸ, ಈ ಮನೆಯದಲ್ಲ.

ದೃಶ್ಯಗಳ ಹೊಂದಾಣಿಕೆ ಕೆಡುವುದು ಬಣ್ಣದಿಂದ. ಸೋಮವಾರ ಮಗ್ಗದಲ್ಲಿ ಹಸಿರು ಸೀರೆ ಇತ್ತು, ಗುರುವಾರ ನೀಲಿ ಬಂತು ಎಂದಾದರೆ ಎರಡನ್ನೂ ಒಂದೇ ಸೀರೆಯೆಂದು ಜೋಡಿಸಲಾಗದು. ಆದ್ದರಿಂದ ಪ್ರತಿ ಶಾಟಿನ ಮುಂದೆ ಮಗ್ಗದ ಸಂಖ್ಯೆ, ಬಣ್ಣ, ನೇಯ್ದು ಸುತ್ತಿದ ಅಂದಾಜು ಉದ್ದ ಬರೆದಿರಬೇಕು. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಇನ್ನೊಂದು ತೊಡಕು ಇದೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು. ಸೆಕೆಂಡಿಗೆ 25 ಚೌಕಟ್ಟು, ಶಟರ್ 1/50 ಇಟ್ಟರೆ ಚಿತ್ರ ಮಿನುಗುವುದಿಲ್ಲ. ಲಾಳಿಯ ಓಟ ಚೂಪಾಗಿ ಬೇಕೆಂದು ಶಟರ್ ಏರಿಸಿದರೆ ಪಟ್ಟಿ ಪಟ್ಟಿಯಾದ ಮಿನುಗು ಕಾಣಿಸಿಕೊಳ್ಳಬಹುದು.

ಧ್ವನಿಯನ್ನು ಮೂರು ಸಲ ತುಂಬಿಕೊಳ್ಳಬೇಕು. ಮೂರೂ ಮಗ್ಗ ಒಟ್ಟಿಗೆ ಓಡುವಾಗ ಒಮ್ಮೆ, ಒಂದೇ ಮಗ್ಗ ಓಡುವಾಗ ಒಮ್ಮೆ, ಎಲ್ಲ ನಿಂತು ಫ್ಯಾನೂ ಆರಿದಾಗ ಅರ್ಧ ನಿಮಿಷ ಒಮ್ಮೆ. ಮಗ್ಗ ಓಡುತ್ತಿರುವಾಗ ತೆಗೆದ ಸಂದರ್ಶನ ಸಂಕಲನಕ್ಕೆ ಬರುವುದಿಲ್ಲ, ಏಕೆಂದರೆ ಮಾತನ್ನು ಎಲ್ಲಿ ಕತ್ತರಿಸಿದರೂ ಬಡಿತದ ಲಯ ಮುರಿದದ್ದು ಕಿವಿಗೆ ಬೀಳುತ್ತದೆ. ಮಾತಿನ ಹೊತ್ತಿಗೆ ಮಗ್ಗ ನಿಲ್ಲಿಸಿ, ಬಡಿತವನ್ನು ಆಮೇಲೆ ಬೇರೆಯಾಗಿ ಕೂಡಿಸುವುದೇ ಸರಿಯಾದ ಕ್ರಮ.